ಮಾರ್ಕ್ಸ್ ಬೇರೆ, ಕಟ್‌ಆಫ್ ಬೇರೆ

(ಬೆಂಗಳೂರಿನಲ್ಲಿ ಖಾಸಗಿ ಶಾಲಾ ಶಿಕ್ಷಕರ ಒಂದು ಶನಿವಾರದ ಸಭೇಲಿ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಎಷ್ಟು ಜನಕ್ಕೆ ಕ್ಲಾಸ್ ನಡೀತಿರೋವಾಗ ಅಟೆಂಡರ್ ಬಾಗಿಲ ಹತ್ರ ಬಂದು "ಮಿಸ್, ಸೆಕ್ರೆಟರಿ ಸರ್ ಕರೀತಿದಾರೆ, ಪೇರೆಂಟ್ ಬಂದಿದಾರೆ" ಅಂತ ಹೇಳಿದ ಅನುಭವ ಇದೆ? ಸುಮಾರು ಕೈ ಮೇಲೆ ಬಂದ್ವು. ಆ ಹೊತ್ತಿಗೆ ಹೊಟ್ಟೇಲಿ ಏನಾಗುತ್ತೆ ಅಂತ ನಾನು ವಿವರಿಸೋದು ಬೇಡ. ನೀವು ಹೋಗೋ ಹೊತ್ತಿಗೆ ಅಲ್ಲಿ ಆಗ್ಲೇ ಅರ್ಧ ಗಂಟೆ ಮಾತಾಗಿರುತ್ತೆ, ಟೀ ಕುಡಿದ ಲೋಟ ಟೇಬಲ್ ಮೇಲೆ ಇರುತ್ತೆ, ನಿಮ್ಮ ವಿಷಯದಲ್ಲಿ ಒಂದು ತೀರ್ಮಾನನೂ ಆಗಿರುತ್ತೆ. ನೀವು ಕೊನೇಲಿ ಹೋಗೋರು.

ಇವತ್ತು ನಾನು ಒಂದೇ ಒಂದು ಕೇಸ್ ಹೇಳ್ತೀನಿ, ನಂದೇ. ಇಪ್ಪತ್ತು ವರ್ಷದ ಹತ್ರ ಮ್ಯಾಥ್ಸ್ ಹೇಳ್ಕೊಟ್ಟಿದೀನಿ, ಬೇರೆ ಬೇರೆ ಥರದ ಜಗಳ ನೋಡಿದೀನಿ, ಆದ್ರೆ ಈ ಕೇಸಲ್ಲಿ ಎಲ್ಲಾನೂ ಇದೆ. ಪೇರೆಂಟ್ ಹೇಳಿದ್ರಲ್ಲಿ ಸ್ವಲ್ಪ ಸರಿ ಇತ್ತು, ಸ್ವಲ್ಪ ತಪ್ಪಿತ್ತು, ನನ್ನದೂ ತಪ್ಪಿತ್ತು, ಮ್ಯಾನೇಜ್ಮೆಂಟ್ ಮೊದಲನೇ ದಿನದಿಂದ ಅವರ ಕಡೆ ಇತ್ತು. ಶಾಲೆ ಹೆಸರು ಬೇಡ, ಪಶ್ಚಿಮ ಬೆಂಗಳೂರಿನ ಕಡೆದು, ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ, ಅಷ್ಟು ಸಾಕು.

ಒಂಬತ್ತನೇ ಕ್ಲಾಸ್ ವಾರ್ಷಿಕ ಪರೀಕ್ಷೆ. ಎಂಬತ್ತು ಮಾರ್ಕ್ಸ್ ಪೇಪರ್. ಎರಡು ಸೆಕ್ಷನ್, ಎ ಸೆಕ್ಷನ್‌ದು ನಾನು ತಿದ್ದಿದ್ದು, ಬಿ ಸೆಕ್ಷನ್‌ದು ನನ್ನ ಜೊತೆ ಇದ್ದ ಸರ್. ಆ ವರ್ಷ ಶಾಲೆಯವ್ರು ಹೊಸದಾಗಿ ಒಂದು ನಿಯಮ ಮಾಡಿದ್ರು: ಹತ್ತನೇ ಕ್ಲಾಸಲ್ಲಿ ಒಂದು ಸ್ಪೆಷಲ್ ಸೆಕ್ಷನ್ ಇರುತ್ತೆ, ಅದಕ್ಕೆ ಮ್ಯಾಥ್ಸು ಸೈನ್ಸು ಎರಡರಲ್ಲೂ ಎಪ್ಪತ್ತು ಪರ್ಸೆಂಟ್ ಬೇಕು ಅಂತ. ಎಂಬತ್ತಕ್ಕೆ ಎಪ್ಪತ್ತು ಪರ್ಸೆಂಟ್ ಅಂದ್ರೆ ಐವತ್ತಾರು. ನಮ್ಮ ಹುಡುಗ, ಅವನನ್ನ ಹುಡುಗ ಅಂತಾನೇ ಕರೀತೀನಿ, ಅವನಿಗೆ ಸೈನ್ಸಲ್ಲಿ ಸಾಕಷ್ಟಿತ್ತು, ಮ್ಯಾಥ್ಸಲ್ಲಿ ಐವತ್ಮೂರು ಬಂದಿತ್ತು.

ಮೂರು ಮಾರ್ಕ್ಸ್ ಕಮ್ಮಿ. ನಿಯಮ ಇಲ್ಲದೇ ಇದ್ದಿದ್ರೆ ಐವತ್ಮೂರಕ್ಕೆ ಯಾರೂ ಬರ್ತಿರ್ಲಿಲ್ಲ, ಇದನ್ನ ಗಮನಿಸಿ. ಮಾರ್ಕ್ಸ್ ಜಗಳ ಹೆಚ್ಚಾಗಿ ಹುಟ್ಟೋದು ಪೇಪರಲ್ಲಿ ಅಲ್ಲ, ಆ ಮಾರ್ಕ್ಸ್ ಇಟ್ಕೊಂಡು ಮುಂದೆ ಏನೋ ಒಂದು ಬಾಗಿಲು ತೆಗೀತಾರೆ ಮುಚ್ತಾರೆ ಅಲ್ವಾ, ಆ ಬಾಗಿಲ ಹತ್ರ.

ನಾನು ರೂಮ್ ಒಳಗೆ ಹೋದಾಗ ಅಪ್ಪ ಅಮ್ಮ ಇಬ್ರೂ ಕೂತಿದ್ರು. ಪೇಪರ್ ಮನೆಗೆ ಕೊಟ್ಟಿದ್ವಿ, ಪೇರೆಂಟ್ ಸೈನ್ ಮಾಡಿಸ್ಕೊಂಡು ಬರ್ಲಿ ಅಂತ. ಅದರ ಮೇಲೆ ಮೂರು ಕಡೆ ಹಸಿರು ಪೆನ್ನಲ್ಲಿ ಗುಂಡಗೆ ಸುತ್ತು ಹಾಕಿತ್ತು. ಟ್ಯೂಷನ್ ಮೇಷ್ಟ್ರು ಹಾಕಿರೋದಂತೆ. ಅಮ್ಮ ಹೇಳಿದ್ರು, "ಮಿಸ್, ನಾವು ಜಗಳಕ್ಕೆ ಬಂದಿಲ್ಲ, ಇಲ್ಲಿ ಐದು ಮಾರ್ಕ್ಸ್ ಬರ್ಬೇಕು ಅಂತ ಅವ್ರು ಹೇಳ್ತಿದಾರೆ." ನಾನು ಬಾಯಿ ತೆಗಿಯೋಕೆ ಮುಂಚೆ ಸೆಕ್ರೆಟರಿ, "ನೋಡಿ ಮಿಸ್, ಇವರ ಇಬ್ರು ಮಕ್ಳೂ ನಮ್ಮಲ್ಲೇ ಓದ್ತಿರೋದು, ಏನಾದ್ರೂ ಸ್ವಲ್ಪ ಅಡ್ಜಸ್ಟ್ ಮಾಡ್ಬಿಡಿ" ಅಂದ್ರು.

ಇಲ್ಲಿ ಸ್ವಲ್ಪ ನಿಲ್ತೀನಿ. ಅವರ ಕಷ್ಟ ನಾನು ಅರ್ಥ ಮಾಡ್ಕೊಳ್ತೀನಿ. ಮಾರ್ಚ್ ಏಪ್ರಿಲ್ ಅಂದ್ರೆ ಖಾಸಗಿ ಶಾಲೇಲಿ ಅಡ್ಮಿಷನ್ ಕಾಲ, ಇಬ್ರು ಮಕ್ಳು ಟಿಸಿ ತಗೊಂಡು ಹೋದ್ರೆ ಎರಡು ಫೀಸ್ ಹೋಯ್ತು, ಜೊತೆಗೆ ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಬಿದ್ರೆ ಇನ್ನೂ ನಾಲ್ಕು ಜನ ಯೋಚನೆ ಮಾಡ್ತಾರೆ. ಅದೇ ನಾನು ಕೊಡದೇ ಇರೋ ಮೂರು ಮಾರ್ಕ್ಸಿಂದ ಅವರಿಗೆ ಕಣ್ಣಿಗೆ ಕಾಣೋ ಲಾಭ ಏನೂ ಇಲ್ಲ. ಹಾಗಾಗಿ ಅವರು ಪೇರೆಂಟ್ ಕಡೆ ನಿಂತಿದ್ದಕ್ಕೆ ನನಗೆ ಆಶ್ಚರ್ಯ ಇಲ್ಲ. ನೋವು ಇದೆ. ಆದ್ರೆ ಆ ನೋವನ್ನ ಆ ರೂಮಲ್ಲಿ ಹೊರಗೆ ಹಾಕಿದ್ರೆ ಕೆಲಸ ಕೆಡುತ್ತೆ, ಯಾಕಂದ್ರೆ ಆಮೇಲೆ ಮಾತು ಪೇಪರ್ ಬಿಟ್ಟು ನಿಮ್ಮ ನಡವಳಿಕೆ ಮೇಲೆ ಹೋಗುತ್ತೆ. "ಮಿಸ್ ಸರಿಯಾಗಿ ಮಾತಾಡಲ್ಲ" ಅನ್ನೋ ಒಂದು ಸಾಲು ಬಂದ್ಬಿಟ್ರೆ ಮುಗೀತು, ಪೇಪರಲ್ಲಿರೋ ಲೆಕ್ಕ ಯಾರೂ ನೋಡಲ್ಲ.

ನಾನು ಹೇಳಿದ್ದು ಇಷ್ಟೇ: "ಪೇಪರ್ ಕೊಡಿ, ಯಾವ ಯಾವ ಪ್ರಶ್ನೆ ಅಂತ ನಾನು ಬರ್ಕೊಳ್ತೀನಿ. ನಾಳೆ ಸಂಜೆ ನಾಲ್ಕು ಗಂಟೆಗೆ ಮೂರಕ್ಕೂ ಉತ್ತರ ಹೇಳ್ತೀನಿ." ಅಲ್ಲೇ ಕೂತು ವಾದ ಮಾಡ್ಲಿಲ್ಲ, ಅಲ್ಲೇ ಕೂತು ಮಾರ್ಕ್ಸ್ ಕೊಡ್ಲೂ ಇಲ್ಲ. ಮ್ಯಾನೇಜ್ಮೆಂಟ್ ಮುಂದೆ ಕೂತು ಪೆನ್ನು ತೆಗೆದು ಕೊಟ್ಟ ಒಂದು ಮಾರ್ಕು, ಅದು ನ್ಯಾಯವಾಗಿ ಬರ್ಬೇಕಾದ ಮಾರ್ಕೇ ಆಗಿದ್ರೂ, ಒತ್ತಡಕ್ಕೆ ಕೊಟ್ಟಿದ್ದು ಅಂತಾನೇ ಎಲ್ಲರ ನೆನಪಲ್ಲಿ ಉಳಿಯುತ್ತೆ. ಇನ್ನೊಂದು, ಪೇಪರ್ ಮನೆಗೆ ಹೋಗಿ ಬಂದಿದೆ, ಹಾಗಾಗಿ ಮೊದಲು ನೋಡ್ಬೇಕಾದ್ದು ಉತ್ತರದಲ್ಲಿ ಏನಾದ್ರೂ ಆಮೇಲೆ ಸೇರಿಸಿದಾರಾ ಅಂತ. ಈ ಕೇಸಲ್ಲಿ ಸೇರಿಸಿರ್ಲಿಲ್ಲ, ಹಸಿರು ಸುತ್ತು ಬಿಟ್ರೆ ಏನೂ ಇರ್ಲಿಲ್ಲ, ಅವ್ರು ಪ್ರಾಮಾಣಿಕವಾಗೇ ಬಂದಿದ್ರು. ಆದ್ರೂ ಅವತ್ತಿಂದ ನಾನು ಪೇಪರ್ ಕೊಡೋ ಮುಂಚೆ ಖಾಲಿ ಬಿಟ್ಟ ಜಾಗಕ್ಕೆಲ್ಲ ಕೆಂಪು ಪೆನ್ನಲ್ಲಿ ಗೆರೆ ಎಳೀತೀನಿ, ನೀವೂ ಎಳೀರಿ.

ಈಗ ಆ ಮೂರು ಸುತ್ತು. ಮೂರೂ ಒಂದೇ ಥರದ ದೂರಲ್ಲ, ಅದನ್ನ ಬೇರೆ ಬೇರೆ ಮಾಡೋದೇ ಅರ್ಧ ಕೆಲಸ.

ಒಂದನೇದು ಸುಲಭ. ಒಂದು ಪ್ರಶ್ನೇಲಿ ಒಳಗೆ ಎರಡೂವರೆ ಕೊಟ್ಟಿದೀನಿ, ಮೊದಲನೇ ಪುಟದ ಮಾರ್ಕ್ಸ್ ಪಟ್ಟೀಲಿ ಎರಡು ಅಂತ ಬರ್ದಿದೀನಿ. ಕೂಡೋದ್ರಲ್ಲಿ ತಪ್ಪು, ನಂದೇ ತಪ್ಪು. ಇದಕ್ಕೆ ಚರ್ಚೆನೇ ಬೇಡ. ಅರ್ಧ ಮಾರ್ಕ್ಸ್ ಜಾಸ್ತಿ. ಐವತ್ಮೂರೂವರೆ.

ಎರಡನೇದು ಥಿಯರಂ, ನಾಲ್ಕು ಮಾರ್ಕ್ಸು. ಒಂದು ಕಂಸ ವೃತ್ತದ ಕೇಂದ್ರದಲ್ಲಿ ಮಾಡೋ ಕೋನ, ಪರಿಧಿ ಮೇಲೆ ಉಳಿದ ಭಾಗದಲ್ಲಿ ಮಾಡೋ ಕೋನದ ಎರಡರಷ್ಟು ಇರುತ್ತೆ ಅಂತ ಸಾಧಿಸ್ಬೇಕು. ನಮ್ಮ ಸ್ಕೀಮಲ್ಲಿ ಚಿತ್ರಕ್ಕೆ ಅರ್ಧ, ದತ್ತಕ್ಕೆ ಅರ್ಧ, ಸಾಧನೀಯಕ್ಕೆ ಅರ್ಧ, ರಚನೆಗೆ ಅರ್ಧ, ಸಾಧನೆಗೆ ಎರಡು. ಹುಡುಗ ಚಿತ್ರ ನೀಟಾಗಿ ಬರ್ದಿದ್ದ, ದತ್ತ, ಸಾಧನೀಯ ಬರ್ದಿದ್ದ. ರಚನೆ ಇಲ್ಲ. ಸಾಧನೆಯ ಮೊದಲನೇ ಸಾಲಲ್ಲೇ "ಕೇಂದ್ರದ ಕೋನ ಎರಡರಷ್ಟು ಇರುವುದರಿಂದ" ಅಂತ ಶುರು ಮಾಡಿ, ಆರು ಸಾಲು ಬರ್ದು, ಕೊನೇಲಿ "ಆದ್ದರಿಂದ ಕೇಂದ್ರದ ಕೋನ ಎರಡರಷ್ಟು" ಅಂತ ಮುಗಿಸಿದ್ದ. ಟ್ಯೂಷನ್ ಮೇಷ್ಟ್ರು ಪುಟ ತುಂಬಿದೆ ಅಂತ ನೋಡಿರ್ಬೇಕು. ಯಾವುದನ್ನ ಸಾಧಿಸ್ಬೇಕೋ ಅದನ್ನೇ ಕಾರಣ ಅಂತ ಬರ್ದ್ರೆ ಅದು ಸಾಧನೆ ಆಗಲ್ಲ. ಒಂದೂವರೆ ಕೊಟ್ಟಿದ್ದೆ, ಒಂದೂವರೇನೇ ಉಳೀತು. ಇಂಥದ್ದನ್ನ ಪೇರೆಂಟಿಗೆ ಹೇಳೋವಾಗ "ತಪ್ಪು ಬರ್ದಿದಾನೆ" ಅಂತ ಬಿಟ್ಟುಬಿಡ್ಬೇಡಿ, ಆ ಮೊದಲನೇ ಸಾಲನ್ನೂ ಕೊನೇ ಸಾಲನ್ನೂ ಬೆರಳಿಟ್ಟು ತೋರಿಸಿ. ಮಾರನೇ ದಿನ ನಾನು ತೋರಿಸ್ದೆ, ಅವರ ಅಪ್ಪ ಎರಡು ಸಲ ಓದಿ, "ಹೌದು, ಎರಡೂ ಒಂದೇ ಸಾಲು" ಅಂದ್ರು. ಆ ಸುತ್ತಿನ ವಿಚಾರ ಅವ್ರು ಮತ್ತೆ ಎತ್ಲಿಲ್ಲ.

ಮೂರನೇದು, ಇದಕ್ಕೇ ನಾನು ಇಷ್ಟು ಮಾತಾಡ್ತಿರೋದು. ಪಾಠಪುಸ್ತಕದಲ್ಲಿ ಜೋಕರ್ ಟೋಪಿ ಲೆಕ್ಕ ಇದ್ಯಲ್ಲ, ತ್ರಿಜ್ಯ 7 ಸೆಂ.ಮೀ., ಎತ್ತರ 24 ಸೆಂ.ಮೀ., ಹತ್ತು ಟೋಪಿಗೆ ಎಷ್ಟು ಹಾಳೆ ಬೇಕು ಅಂತ. ಮೂರು ಮಾರ್ಕ್ಸು. ಮೊದಲು ಓರೆ ಎತ್ತರ ಕಂಡುಹಿಡೀಬೇಕು, l = √(r² + h²), ಅಂದ್ರೆ √(49 + 576), ಅದು 25. ಆಮೇಲೆ πrl ಹಾಕಿದ್ರೆ ಒಂದು ಟೋಪಿಗೆ 550. ಹತ್ತು ಟೋಪಿಗೆ 5500 ಚದರ ಸೆಂ.ಮೀ. ಮೂರು ಹೆಜ್ಜೆ, ಹೆಜ್ಜೆಗೆ ಒಂದು ಮಾರ್ಕ್.

ಹುಡುಗ ಪ್ಲಸ್ ಹಾಕೋ ಕಡೆ ಮೈನಸ್ ಹಾಕಿದ್ದ. 576ರಲ್ಲಿ 49 ಕಳೆದು 527, ಅದರ ವರ್ಗಮೂಲ 22.9 ಅಂತ ಬರ್ದಿದ್ದ. ಅಲ್ಲಿಂದ ಮುಂದೆ ಎಲ್ಲಾ ಸರಿ: πrl ಸೂತ್ರ ಸರಿ, 22/7 × 7 × 22.9 ಹಾಕಿದ್ದು ಸರಿ, 503.8 ಬಂದಿದ್ದು ಸರಿ, ಹತ್ತರಿಂದ ಗುಣಿಸಿ 5038 ಚದರ ಸೆಂ.ಮೀ. ಅಂತ ಯೂನಿಟ್ ಸಮೇತ ಬರ್ದಿದ್ದ. ನಾನು ಅವನಿಗೆ ಒಂದು ಮಾರ್ಕ್ಸ್ ಕೊಟ್ಟಿದ್ದೆ, ಸೂತ್ರಕ್ಕೆ ಅಂತ. ಕೊನೇ ಉತ್ತರ 5500 ಬಂದಿಲ್ವಲ್ಲ ಅಂತ ನನ್ನ ಮನಸ್ಸಲ್ಲಿ.

ಅವತ್ತು ಸಂಜೆ ಬಿ ಸೆಕ್ಷನ್ ಸರ್ ಹತ್ರ ಹೋಗಿ ಕೇಳ್ದೆ, ನಿಮ್ಮ ಮಕ್ಳು ಯಾರಾದ್ರೂ ಇದೇ ತಪ್ಪು ಮಾಡಿದಾರಾ, ನೀವೆಷ್ಟು ಕೊಟ್ರಿ ಅಂತ. ಅವ್ರು ಎರಡು ಪೇಪರ್ ತೆಗೆದು ತೋರಿಸಿದ್ರು. ಅದೇ ಮೈನಸ್ಸು, ಅದೇ 527. ಅವ್ರು ಎರಡು ಮಾರ್ಕ್ಸ್ ಕೊಟ್ಟಿದ್ರು. "ಒಂದು ಹೆಜ್ಜೆ ತಪ್ಪು ಮಾಡಿದಾನೆ, ಒಂದು ಮಾರ್ಕ್ ಕಳೆದೆ, ಅದೇ ತಪ್ಪಿಗೆ ಎರಡನೇ ಸಲ ಯಾಕೆ ಕಳೀಲಿ" ಅಂದ್ರು. ಅವ್ರು ಹೇಳಿದ್ದೇ ಸರಿ. ಹೆಜ್ಜೆ ಮಾರ್ಕ್ಸ್ ಅಂತ ಇಟ್ಮೇಲೆ ಹಿಂದಿನ ತಪ್ಪು ಮುಂದಕ್ಕೆ ಬಂದಿದ್ದಕ್ಕೆ ಮತ್ತೆ ಶಿಕ್ಷೆ ಕೊಡಬಾರ್ದು, ಲೆಕ್ಕ ಅದರಿಂದ ತೀರಾ ಸುಲಭ ಆಗಿಬಿಟ್ಟಿದ್ರೆ ಮಾತ್ರ ಬೇರೆ ಮಾತು. ಇಲ್ಲಿ ಸುಲಭ ಆಗಿರ್ಲಿಲ್ಲ, ಇನ್ನೂ ಕಷ್ಟ ಆಗಿತ್ತು.

ಸಮಸ್ಯೆ ಎಲ್ಲಿತ್ತು ಅಂದ್ರೆ ನಮ್ಮ ಸ್ಕೀಮಲ್ಲಿ. ಸರಿ ಉತ್ತರಕ್ಕೆ ಹೇಗೆ ಮಾರ್ಕ್ಸ್ ಹಂಚ್ಬೇಕು ಅಂತ ಬರ್ದಿದ್ವಿ, ಮಕ್ಳು ಸಾಮಾನ್ಯವಾಗಿ ಮಾಡೋ ತಪ್ಪಿಗೆ ಏನು ಮಾಡ್ಬೇಕು ಅಂತ ಬರ್ದಿರ್ಲಿಲ್ಲ. ಓರೆ ಎತ್ತರದಲ್ಲಿ ಮೈನಸ್ ಹಾಕೋದು ಪ್ರತಿ ವರ್ಷ ನೋಡೋ ತಪ್ಪು, ನಮಗೆ ಮೊದಲೇ ಗೊತ್ತಿರ್ಬೇಕಿತ್ತು. ಎಸ್‌ಎಸ್‌ಎಲ್‌ಸಿಲಿ ನೋಡಿ, ಪರೀಕ್ಷೆ ಆದ್ಮೇಲೆ ಮಂಡಳಿಯವ್ರು ಕೀ ಉತ್ತರ ಹೊರಗೆ ಹಾಕಿ ಆಕ್ಷೇಪಣೆ ಕರೀತಾರೆ, ರಿಸಲ್ಟ್ ಬಂದ್ಮೇಲೆ ಉತ್ತರ ಪತ್ರಿಕೆಯ ಪ್ರತಿ ಕೇಳೋಕೆ ಬೇರೆ ಅರ್ಜಿ, ಮರು ಎಣಿಕೆ ಬೇರೆ, ಮರು ಮೌಲ್ಯಮಾಪನ ಬೇರೆ. ಅಷ್ಟು ದೊಡ್ಡ ವ್ಯವಸ್ಥೆ ನಮಗೆ ಬೇಡ. ಆದ್ರೆ ಎರಡು ಸೆಕ್ಷನ್ ಟೀಚರ್ ತಿದ್ದೋಕೆ ಶುರು ಮಾಡೋ ಮುಂಚೆ ಐದೈದು ಪೇಪರ್ ಅದಲು ಬದಲು ಮಾಡ್ಕೊಂಡು, ಪೆನ್ಸಿಲಲ್ಲಿ ಮಾರ್ಕ್ಸ್ ಹಾಕಿ, ಎಲ್ಲೆಲ್ಲಿ ವ್ಯತ್ಯಾಸ ಬರುತ್ತೆ ನೋಡಿ ಸ್ಕೀಮ್ ಹಾಳೆ ಮೇಲೆ ಬರ್ಕೊಂಡ್ರೆ ಒಂದು ಗಂಟೆ ಕೆಲಸ. ಆ ಒಂದು ಗಂಟೆ ನಾವು ಕೊಟ್ಟಿರ್ಲಿಲ್ಲ. ಈಗ ಕೊಡ್ತೀವಿ.

ಹಾಗಾಗಿ ಹುಡುಗನಿಗೆ ಇಲ್ಲಿ ಒಂದು ಮಾರ್ಕ್ಸ್ ಬರ್ಬೇಕು. ಐವತ್ನಾಲ್ಕೂವರೆ. ನಮ್ಮಲ್ಲಿ ಅರ್ಧ ಇದ್ರೆ ಮೇಲಕ್ಕೆ ತಗೋತೀವಿ, ಐವತ್ತೈದು.

ಇಲ್ಲಿಗೆ ಬಂದಾಗ ತುಂಬಾ ಟೀಚರ್ಸ್ ಒಂದು ತಪ್ಪು ಮಾಡ್ತಾರೆ, ನಾನೂ ಹಿಂದೆ ಮಾಡಿದೀನಿ: ಬಂದವರ ಪೇಪರ್ ಮಾತ್ರ ತಿದ್ದಿ ಕಳಿಸ್ಬಿಡೋದು. ತಪ್ಪು ನನ್ನ ತಿದ್ದೋ ರೀತೀಲಿ ಇದ್ರೆ ಅದು ಒಬ್ಬನ ಪೇಪರಲ್ಲಿ ಮಾತ್ರ ಹೇಗಿರುತ್ತೆ? ನಾನು ಎ ಸೆಕ್ಷನ್ನಿನ ನಲವತ್ತೆರಡು ಪೇಪರ್ ವಾಪಸ್ ತರಿಸಿದೆ. ಟೋಪಿ ಲೆಕ್ಕ ಒಂದನ್ನೇ ನೋಡೋದು, ಒಂದು ಪೇಪರ್‌ಗೆ ಅರ್ಧ ನಿಮಿಷ ಸಾಕು. ಒಂಬತ್ತು ಮಕ್ಳು ಅದೇ ಮೈನಸ್ ಹಾಕಿ ಮುಂದೆ ಸರಿಯಾಗಿ ಮಾಡಿದ್ರು, ನಮ್ಮ ಹುಡುಗನೂ ಸೇರಿ. ಒಂಬತ್ತು ಜನಕ್ಕೂ ಒಂದು ಮಾರ್ಕ್ಸ್ ಸೇರಿಸ್ದೆ. ಹಳೇ ಅಂಕಿನ ಒಂದೇ ಗೆರೇಲಿ ಹೊಡ್ದು, ಪಕ್ಕದಲ್ಲಿ ಹೊಸದು ಬರ್ದು, ಸೈನ್ ಮಾಡಿ, ತಾರೀಖು ಹಾಕ್ದೆ. ವೈಟ್ನರ್ ಮುಟ್ಬೇಡಿ. ರಿಜಿಸ್ಟರಲ್ಲೂ ಹಾಗೇ, ರೋಲ್ ನಂಬರ್, ಹಳೇ ಮಾರ್ಕ್ಸ್, ಹೊಸ ಮಾರ್ಕ್ಸ್, ಕಾರಣ ಒಂದು ಸಾಲು.

ಆ ಒಂಬತ್ತರಲ್ಲಿ ಒಂದು ಹುಡುಗಿ ಇದ್ಳು. ಅವಳಿಗೆ ಐವತ್ತೈದಿತ್ತು, ಐವತ್ತಾರಾಯ್ತು. ಅವಳ ಅಮ್ಮ ಪೀಣ್ಯದ ಕಡೆ ಗಾರ್ಮೆಂಟ್ಸಲ್ಲಿ ಕೆಲಸ ಮಾಡೋರು, ಪಿಟಿಎಂಗೆ ರಜೆ ಸಿಗ್ತಿರ್ಲಿಲ್ಲ, ನಾನು ಅವರನ್ನ ವರ್ಷದಲ್ಲಿ ಒಂದೇ ಸಲ ನೋಡಿದ್ದೆ, ಅದೂ ಗೇಟ್ ಹತ್ರ. ಪೇಪರ್ ಮೇಲೆ ಅವರ ಸೈನ್ ಇತ್ತು, ಸುತ್ತು ಗಿತ್ತು ಏನೂ ಇರ್ಲಿಲ್ಲ. ಯಾರೂ ಬಂದು ಕೇಳದೇ ಇದ್ದಿದ್ರೆ ಆ ಮಗು ಒಂದು ಮಾರ್ಕ್ಸಿಗೆ ಹೊರಗೆ ಉಳೀತಿತ್ತು, ಅದಕ್ಕೆ ಕಾರಣ ನಾನಾಗ್ತಿದ್ದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರ್ಲಿಲ್ಲ. ಆ ಪೇರೆಂಟ್ ಬಂದಿದ್ದಕ್ಕೆ ನಾನು ಇವತ್ತಿಗೂ ಋಣಿ.

ಮಾರನೇ ದಿನ ನಾಲ್ಕು ಗಂಟೆ. ಮೂರಕ್ಕೂ ಉತ್ತರ ಹೇಳ್ದೆ. ಕೂಡೋ ತಪ್ಪು ಒಪ್ಕೊಂಡೆ, ಟೋಪಿ ಲೆಕ್ಕದ್ದು ಒಪ್ಕೊಂಡೆ, ಥಿಯರಂ ಯಾಕೆ ಬರಲ್ಲ ಅಂತ ತೋರಿಸ್ದೆ. ಈಗ ಉಳಿದಿದ್ದು ಒಂದೇ ಮಾರ್ಕು. ಸೆಕ್ರೆಟರಿ ಅಂದ್ರು, "ಒಂದೇ ಒಂದು ಮಾರ್ಕ್ ತಾನೇ ಮಿಸ್, ಪ್ರೆಸೆಂಟೇಷನ್‌ಗೆ ಅಂತ ಹಾಕಿ ಮುಗ್ಸಿ." ಪ್ರಿನ್ಸಿಪಾಲ್ ಮೇಡಂ ತಲೆ ಎತ್ತಿ ನನ್ನ ನೋಡ್ಲಿಲ್ಲ. ಅವರದ್ದೂ ಕಾಂಟ್ರಾಕ್ಟ್ ಕೆಲಸ.

ನಾನು ಹೇಳ್ದೆ: "ಸರ್, ಈ ಮಾರ್ಕ್ಸ್ ನನ್ನ ಕೈಲಿ ಇಲ್ಲ, ಪೇಪರಲ್ಲಿ ಇರೋದು ಐವತ್ತೈದು. ಆದ್ರೆ ಕಟ್‌ಆಫ್ ನಿಮ್ಮ ಕೈಲಿದೆ. ಐವತ್ತಾರು ಅಂತ ಇಟ್ಟಿದ್ದು ನೀವು, ಐವತ್ತೈದು ಅಂತ ಮಾಡೋ ಅಧಿಕಾರಾನೂ ನಿಮ್ಮದೇ. ಐವತ್ತೈದಕ್ಕೆ ಇಳಿಸಿದ್ರೆ ಎರಡೂ ಸೆಕ್ಷನ್ ಸೇರಿ ನಾಲ್ಕು ಮಕ್ಳು ಒಳಗೆ ಬರ್ತಾರೆ, ಇವರ ಮಗನೂ ಬರ್ತಾನೆ. ಸೀಟ್ ಇದ್ರೆ ಹಾಗೆ ಮಾಡಿ, ನೋಟೀಸ್ ಬೋರ್ಡಿಗೆ ಹಾಕಿ. ಮಾರ್ಕ್ಸೇ ಬದಲಾಯಿಸ್ಬೇಕು ಅಂದ್ರೆ ಯಾವ ಪ್ರಶ್ನೇಲಿ ಅಂತ ನನಗೆ ಬರ್ದು ಕೊಡಿ."

ನಾನು ಇದನ್ನ ಒಂದು ಮೆಯಿಲಲ್ಲೂ ಬರ್ದು ಅವತ್ತೇ ಪ್ರಿನ್ಸಿಪಾಲ್‌ಗೆ ಕಳಿಸ್ದೆ. ಉದ್ದ ಬರೀಲಿಲ್ಲ. ಇಂಥ ದಿನ ಇಂಥ ದೂರು ಬಂತು, ಮೂರು ಪ್ರಶ್ನೆ ಮತ್ತೆ ನೋಡಿದೆ, ಎರಡರಲ್ಲಿ ಮಾರ್ಕ್ಸ್ ಸೇರಿಸಿದೆ, ಒಂದರಲ್ಲಿ ಇಲ್ಲ, ಅದೇ ಕಾರಣಕ್ಕೆ ಇನ್ನೂ ಎಂಟು ಮಕ್ಕಳಿಗೂ ಸೇರಿಸಿದೆ, ಪಟ್ಟಿ ಲಗತ್ತಿಸಿದೆ, ಇದಕ್ಕಿಂತ ಹೆಚ್ಚಿನ ಬದಲಾವಣೆ ಬೇಕಿದ್ರೆ ಲಿಖಿತವಾಗಿ ತಿಳಿಸಿ. ಅಷ್ಟೇ. ದೂರಿಲ್ಲ, ಬೇಜಾರಿಲ್ಲ, ಸೆಕ್ರೆಟರಿ ಏನಂದ್ರು ಅನ್ನೋದೂ ಇಲ್ಲ. ಬಾಯಲ್ಲಿ "ಅಡ್ಜಸ್ಟ್ ಮಾಡಿ" ಅನ್ನೋದು ಸುಲಭ, ಅದನ್ನೇ ಕಾಗದದ ಮೇಲೆ ಬರೀಬೇಕು ಅಂದಾಗ ಯಾರೂ ಬೇಗ ಬರಿಯಲ್ಲ.

ಎರಡು ದಿನ ಏನೂ ಆಗ್ಲಿಲ್ಲ. ಮೂರನೇ ದಿನ ಕಟ್‌ಆಫ್ ಐವತ್ತೈದು ಅಂತ ನೋಟೀಸ್ ಬಂತು.

ಎಲ್ಲಾ ಕಡೆ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲ. ನನಗೆ ಪರಿಚಯ ಇರೋ ಒಬ್ಬ ಟೀಚರ್ ಒಪ್ಪದೇ ಇದ್ದಾಗ ಆಫೀಸಿಂದಾನೇ ಸಾಫ್ಟ್‌ವೇರಲ್ಲಿ ಮಾರ್ಕ್ಸ್ ಬದಲಾಯಿಸಿದ್ರು, ಅವರಿಗೆ ಗೊತ್ತಾಗಿದ್ದು ಪ್ರೋಗ್ರೆಸ್ ಕಾರ್ಡ್ ಪ್ರಿಂಟ್ ಆದ್ಮೇಲೆ. ಅದನ್ನ ನೀವು ತಡಿಯೋಕಾಗಲ್ಲ. ನಿಮ್ಮ ಕೈಬರಹದ ರಿಜಿಸ್ಟರ್ ಒಂದು ಅಂಕಿ ಹೇಳುತ್ತೆ, ಕಾರ್ಡ್ ಇನ್ನೊಂದು ಹೇಳುತ್ತೆ, ಅಷ್ಟು ವ್ಯತ್ಯಾಸ ಉಳಿಸಿಕೊಂಡಿರಿ. ಎಂಟ್ರಿ ಮುಗಿದ ದಿನ ಮಾರ್ಕ್ಸ್ ಪಟ್ಟಿ ಒಂದು ಪ್ರಿಂಟ್ ತಗೊಂಡು ಪ್ರಿನ್ಸಿಪಾಲ್ ಹತ್ರ ಸೈನ್ ಮಾಡಿಸ್ಕೊಂಡು ಇಟ್ಕೊಳ್ಳಿ.

ಇಲ್ಲಿ ಒಂದು ಮಾತು, ವಿಷಯದಿಂದ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಆದ್ರೂ ಹೇಳ್ಬೇಕು. ಇಂಥ ಜಗಳ ಮುಂದುವರಿದ್ರೆ ಕೆಲವು ಕಡೆ "ರಾಜೀನಾಮೆ ಕೊಟ್ಬಿಡಿ, ಒಳ್ಳೆ ಎಕ್ಸ್‌ಪೀರಿಯನ್ಸ್ ಲೆಟರ್ ಕೊಡ್ತೀವಿ" ಅಂತಾರೆ. ಆ ರೂಮಲ್ಲಿ, ಆ ದಿನ, ದಯವಿಟ್ಟು ಸೈನ್ ಮಾಡ್ಬೇಡಿ, ಮನೆಗೆ ಹೋಗಿ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರಲ್ಲಿ 92ನೇ ಸೆಕ್ಷನ್ ಇದೆ, ಖಾಸಗಿ ಶಾಲೆ ನೌಕರರನ್ನ ವಿಚಾರಣೆ ಮಾಡದೆ ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ. ತೆಗೆದ್ರೆ 94ನೇ ಸೆಕ್ಷನ್ ಪ್ರಕಾರ ಮೂರು ತಿಂಗಳ ಒಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗ್ಬಹುದು. ಆದ್ರೆ ನೀವಾಗೇ ರಾಜೀನಾಮೆ ಬರ್ದು ಕೊಟ್ರೆ ನಿಮ್ಮನ್ನ ಯಾರೂ ತೆಗೆದ ಹಾಗೇ ಆಗಲ್ಲ, ಆಮೇಲೆ ಒತ್ತಾಯ ಮಾಡಿ ಬರೆಸ್ಕೊಂಡ್ರು ಅಂತ ಸಾಬೀತು ಮಾಡೋ ಹೊರೆ ನಿಮ್ಮ ಮೇಲೆ ಬೀಳುತ್ತೆ. ನಾನು ಹೇಳ್ತಿರೋದು ರಾಜ್ಯ ಪಠ್ಯಕ್ರಮದ ಶಾಲೆಗಳ ಮಾತು. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಯವ್ರು ಈ ಕಾಯ್ದೆ ತಮಗೆ ಎಷ್ಟು ಅನ್ವಯಿಸುತ್ತೆ ಅಂತ ಒಬ್ಬ ವಕೀಲರ ಹತ್ರ ಕೇಳ್ಕೊಳ್ಳಿ.

ನನ್ನ ವಿಷಯದಲ್ಲಿ ಅಷ್ಟು ದೂರ ಹೋಗ್ಲಿಲ್ಲ. ಮೇ ತಿಂಗಳಲ್ಲಿ ಅಪ್ರೈಸಲ್ ಫಾರಂ ಬಂತು. "ಪೇರೆಂಟ್ಸ್ ಜೊತೆ ವ್ಯವಹರಿಸುವ ರೀತಿ" ಅನ್ನೋ ಕಾಲಂನಲ್ಲಿ "ಸುಧಾರಿಸಿಕೊಳ್ಳಬೇಕು" ಅಂತ ಬರ್ದಿದ್ರು, ಇಂಕ್ರಿಮೆಂಟ್ ಬೇರೆಯವರಿಗಿಂತ ಕಮ್ಮಿ ಇತ್ತು. ಮನೇಲಿ ನಮ್ಮೆಜಮಾನ್ರು ಹೋಗ್ಲಿ ಬಿಡು ಅಂದ್ರು. ನನಗೆ ಬಿಡೋಕೆ ಮನಸ್ಸಾಗ್ಲಿಲ್ಲ. ಫಾರಂ ಕೆಳಗೆ ನೌಕರರ ಅಭಿಪ್ರಾಯ ಅಂತ ನಾಲ್ಕು ಸಾಲಿನ ಜಾಗ ಇರುತ್ತೆ, ಎಲ್ಲರೂ ಖಾಲಿ ಬಿಡೋ ಜಾಗ. ಅಲ್ಲಿ ಆ ಒಂಬತ್ತು ರೋಲ್ ನಂಬರ್ ಬರ್ದೆ, ಪ್ರತಿಯೊಂದರ ಮುಂದೆ ಹಳೇ ಮಾರ್ಕ್ಸು, ಹೊಸ ಮಾರ್ಕ್ಸು. ಅದರ ಕೆಳಗೆ "ಇವರಲ್ಲಿ ಎಂಟು ಮಕ್ಕಳ ಮನೆಯಿಂದ ಯಾರೂ ಬಂದಿರಲಿಲ್ಲ" ಅಂತ ಬರ್ದು, ಆಮೇಲೆ ಸೈನ್ ಮಾಡ್ದೆ.